ಬಿಸಿಲು, ಟ್ರೇಲು, ನೀರು: ಕೈಗೋ, ಸೊಂಟಕ್ಕೋ, ಬೆನ್ನಿಗೋ?

ಈ ಕ್ಲಿಪ್‌ನಲ್ಲಿ ನಾನು ಬಾಟಲಿಯನ್ನ ತಲೆಕೆಳಗು ಮಾಡಿ ಅಲ್ಲಾಡಿಸ್ತಾ ಇದ್ದೀನಿ ನೋಡಿ. ಒಂದು ಹನಿ ಬಿತ್ತು, ಅಷ್ಟೇ. ಆಗ 11 ಕಿಲೋಮೀಟರ್ ಆಗಿತ್ತು. ಮುಂದಿನ ನಲ್ಲಿ ಇರೋದು 17ಕ್ಕೆ. ನೆರಳಲ್ಲೇ 34 ಡಿಗ್ರಿ, ಆದರೆ ಈ ದಾರೀಲಿ ನೆರಳೇ ಇಲ್ಲ. ಬಂಡೆ, ಕುರುಚಲು ಗಿಡ, ಮತ್ತೆ ಬಂಡೆ.

ಇದು ನಾನು ಆಗಾಗ ಓಡೋ 28 ಕಿಲೋಮೀಟರ್ ಸುತ್ತು. ಸುಮಾರು 4 ಗಂಟೆ ಹಿಡಿಯುತ್ತೆ, ನೀರು ಸಿಗೋದು ಒಂದೇ ಕಡೆ. ಈ ಬೇಸಿಗೇಲಿ ಇದೇ ಸುತ್ತನ್ನ ನಾಲ್ಕು ಸಲ ನಾಲ್ಕು ಥರ ನೀರು ಹೊತ್ತು ಓಡಿದೆ. ಮೊದಲು ಕೈಬಾಟಲಿ, ಆಮೇಲೆ ಸೊಂಟದ ಬೆಲ್ಟ್, ಆಮೇಲೆ ಹೈಡ್ರೇಶನ್ ವೆಸ್ಟ್. ನಾಲ್ಕನೆಯದನ್ನ ಕೊನೇಲಿ ತೋರಿಸ್ತೀನಿ.

ಬಾಟಲಿ ಖಾಲಿ ಆಗಿದ್ದಕ್ಕೆ ಬಾಟಲಿಯನ್ನ ಬೈಯೋ ಹಾಗಿಲ್ಲ. ಲೆಕ್ಕ ಹಾಕದೆ ಹೊರಟವನು ನಾನು. ಮನೆಗೆ ಬಂದ ಮೇಲೆ ಕೂತು ಲೆಕ್ಕ ಹಾಕಿದೆ.

ನಿಮಗೆ ಎಷ್ಟು ಬೆವರುತ್ತೆ ಅಂತ ತಿಳಿಯೋಕೆ ಒಂದು ತೂಕದ ಯಂತ್ರ ಸಾಕು. ಓಡೋ ಮುಂಚೆ ಬಟ್ಟೆ ಇಲ್ಲದೆ ತೂಗಿಕೊಳ್ಳಿ. ಅದೇ ಬಿಸಿಲಲ್ಲಿ, ಅದೇ ವೇಗದಲ್ಲಿ ಒಂದು ಗಂಟೆ ಓಡಿ. ಬಂದು ಮೈ ಒರೆಸಿಕೊಂಡು ಮತ್ತೆ ತೂಗಿ. ಒಂದು ಕಿಲೋ ಇಳಿದಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ನಡುವೆ ಕುಡಿದ ನೀರನ್ನೂ ಅದಕ್ಕೆ ಸೇರಿಸಬೇಕು. ನಾನು ಹೊರಟಾಗ 68 ಕಿಲೋ, ಬಂದಾಗ 67.2. ನಡುವೆ ಕುಡಿದಿದ್ದು 300 ಎಂಎಲ್. ಅಂದ್ರೆ ಗಂಟೆಗೆ 1.1 ಲೀಟರ್ ಬೆವರು.

ಹಾಗಂತ ಹೋದದ್ದನ್ನೆಲ್ಲ ಅಲ್ಲೇ ಕುಡಿದು ತುಂಬಿಸಬೇಕಿಲ್ಲ. ಓಡ್ತಾ ಇರುವಾಗ ಹೊಟ್ಟೆ ಅಷ್ಟೊಂದು ನೀರನ್ನ ತಡೆದುಕೊಳ್ಳೋದೂ ಇಲ್ಲ, ಒಳಗೆ ಕುಲುಕೋಕೆ ಶುರುವಾಗುತ್ತೆ. ನನಗೆ ಹೊಂದಿಕೊಳ್ಳೋದು ಗಂಟೆಗೆ 700 ಎಂಎಲ್. ಇನ್ನೊಂದು ತುದಿಯ ಅಪಾಯವನ್ನೂ ಹೇಳಿಬಿಡ್ತೀನಿ. ಓಡಿ ಬಂದಾಗ ತೂಕ ಹೆಚ್ಚಾಗಿದ್ರೆ, ಉಂಗುರ ಬಿಗಿಯಾಗಿ, ತಲೆ ಸಿಡೀತಾ ಇದ್ರೆ, ಅದು ಬಾಯಾರಿಕೆ ಅಲ್ಲ. ಮಿತಿಮೀರಿ ಕುಡಿದು ರಕ್ತದ ಸೋಡಿಯಂ ಇಳಿದಿರಬಹುದು. ಅಂಥ ಹೊತ್ತಲ್ಲಿ ಇನ್ನೂ ನೀರು ಕುಡಿಸೋದು ತಪ್ಪು, ವೈದ್ಯರ ಹತ್ತಿರ ಹೋಗಬೇಕು.

ಈಗ ದಾರಿಯ ಲೆಕ್ಕ. ಇಲ್ಲಿ ಕಿಲೋಮೀಟರ್ ಮರೆತುಬಿಡಿ, ಗಂಟೆ ನೋಡಿ. ನಲ್ಲಿ ಮುಟ್ಟೋಕೆ ನನಗೆ ಎರಡೂವರೆ ಗಂಟೆ ಬೇಕು. ಗಂಟೆಗೆ 700ರ ಹಾಗೆ 1,750 ಎಂಎಲ್. ನಾನು ಹೊತ್ತು ಹೋಗಿದ್ದು 600 ಎಂಎಲ್‌ನ ಒಂದು ಬಾಟಲಿ! ಗುಟುಕು ಗುಟುಕಾಗಿ ಉಳಿಸಿಕೊಂಡು ಕುಡಿದಿದ್ದಕ್ಕೆ 11 ಕಿಲೋಮೀಟರ್‌ವರೆಗಾದ್ರೂ ಬಂತು. ಕೊನೆಗೆ ನಲ್ಲಿ ಸಿಕ್ಕಾಗ ಏನು ಮಾಡಿದೆ ಅಂದ್ರೆ, ನಿಂತಲ್ಲೇ ಹತ್ತಿರ ಹತ್ತಿರ ಒಂದು ಲೀಟರ್ ಕುಡಿದೆ. ಹತ್ತು ನಿಮಿಷಕ್ಕೆ ಹೊಟ್ಟೆ ಮಡಕೆ ಥರ ಕುಲುಕೋಕೆ ಶುರು. ಉಳಿದ ದಾರಿಯಲ್ಲಿ ಅರ್ಧದಷ್ಟು ನಡೆದೇ ಬಂದೆ.

ಆದ್ರೂ ಕೈಬಾಟಲಿ ಬಗ್ಗೆ ನನಗೆ ಪ್ರೀತಿ ಕಮ್ಮಿ ಆಗಿಲ್ಲ. ಕೈಯಲ್ಲೇ ಇರೋದ್ರಿಂದ ಕುಡಿಯೋದು ಮರೆಯಲ್ಲ. ಎಷ್ಟು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಬಿಸಿಲು ಏರಿದಾಗ ತಲೆಗೆ, ಕತ್ತಿಗೆ ನೀರು ಹಾಕಿಕೊಳ್ಳೋಕೆ ಇದರಷ್ಟು ಸಲೀಸು ಬೇರೆ ಇಲ್ಲ. ಮೈ ಕೂಡ ಎಲ್ಲೂ ಮುಚ್ಚಿರಲ್ಲ. ತೊಂದರೆ ಬರೋದು ಇಳಿಜಾರಲ್ಲಿ. ಸಡಿಲ ಕಲ್ಲಿನ ಮೇಲೆ ಜಾರಿದಾಗ ಕೈ ತಾನಾಗೇ ನೆಲಕ್ಕೆ ಊರುತ್ತೆ. ಆ ಕೈಗೆ ಬಾಟಲಿ ಕಟ್ಟಿಕೊಂಡಿದ್ರೆ? ಈ ಗಾಯ ಅದರದ್ದೇ. ಅಂಗೈ ಊರಬೇಕಾದ ಕಡೆ ಮೊಣಕೈ ಊರಿತು.

ಎರಡನೇ ಸಲ ಬೆಲ್ಟ್. ಅರ್ಧ ಅರ್ಧ ಲೀಟರ್‌ನ ಎರಡು ಬಾಟಲಿ ಹಿಂದೆ ಓರೆಯಾಗಿ ಸಿಕ್ಕಿಸಿಕೊಂಡೆ. ಲೆಕ್ಕಕ್ಕೆ ಇದೂ ಸಾಲದು ಅಂತ ಗೊತ್ತಿತ್ತು, ಆದರೂ ನೋಡೋಣ ಅಂತ. ಒಂದು ಕಿಲೋ ಭಾರ ಸೊಂಟದ ಮೇಲೆ ಕುಣಿಯುತ್ತೆ, ಬೆವರಿಗೆ ಬೆಲ್ಟ್ ಕೆಳಗೆ ಜಾರುತ್ತೆ. ಜಾರದೆ ಇರಲಿ ಅಂತ ಬಿಗಿ ಮಾಡಿದ್ರೆ ಹೊಟ್ಟೆ ಒತ್ತುತ್ತೆ. ಸೆಖೆಯಲ್ಲಿ ಓಡುವಾಗ ರಕ್ತ ಒಂದು ಕಡೆ ಕಾಲಿನ ಸ್ನಾಯುಗಳಿಗೆ ಹೋಗಬೇಕು, ಇನ್ನೊಂದು ಕಡೆ ಮೈ ತಣಿಸೋಕೆ ಚರ್ಮಕ್ಕೆ ಹೋಗಬೇಕು. ಜಠರಕ್ಕೆ ಸಿಗೋದು ಅಳಿದುಳಿದಿದ್ದು. ಅಂಥ ಹೊಟ್ಟೆ ಮೇಲೆ ಬಿಗಿಯಾದ ಪಟ್ಟಿ ಕಟ್ಟಿದ್ರೆ ಓಕರಿಕೆ ಬರದೆ ಇನ್ನೇನು ಬರುತ್ತೆ? ಒಂದೂವರೆ ಗಂಟೆ ಒಳಗಿನ ಓಟಕ್ಕೆ, ಒಂದೇ ಸಣ್ಣ ಬಾಟಲಿ ಇಟ್ಟುಕೊಂಡು ಹೋಗೋದಾದ್ರೆ ಬೆಲ್ಟ್ ಪರವಾಗಿಲ್ಲ. ಈ ಸುತ್ತಿಗೆ ಇನ್ನೊಂದು ಸಲ ನಾನಂತೂ ಕಟ್ಟಲ್ಲ.

ಮೂರನೇ ಸಲ ವೆಸ್ಟ್. ಬೆನ್ನ ಹಿಂದೆ 2 ಲೀಟರ್ ಬ್ಲ್ಯಾಡರ್, ಅಂದ್ರೆ ನೀರಿನ ಚೀಲ, ಅದರಿಂದ ಬಾಯಿವರೆಗೆ ಕೊಳವೆ. ನೀರಿನ ಪ್ರಶ್ನೆಯೇ ಇಲ್ಲ, ಭಾರ ಮೈಗೆ ಅಂಟಿಕೊಂಡ ಹಾಗಿರುತ್ತೆ, ಎರಡೂ ಕೈ ಖಾಲಿ. ಮೊದಲ ಗಂಟೆ ಹಬ್ಬ! ಐಸ್ ಬೇರೆ ತುಂಬಿಸಿದ್ದೆ, ಬೆನ್ನು ತಣ್ಣಗಿತ್ತು.

ಐಸ್ ಕರಗಿದ ಮೇಲೆ ಕಥೆ ಬೇರೆ. ಬೆವರು ಸುರಿದ ಮಾತ್ರಕ್ಕೆ ಮೈ ತಣಿಯಲ್ಲ. ಅದು ಚರ್ಮದ ಮೇಲೆ ಆರಬೇಕು, ಆರುವಾಗ ಮೈಯ ಬಿಸಿಯನ್ನ ತಗೊಂಡು ಹೋಗಬೇಕು. ಬೆನ್ನು ನಮಗೆ ಚೆನ್ನಾಗಿ ಬೆವರೋ ಜಾಗ. ಅದರ ಮೇಲೆ ರಬ್ಬರಿನಂಥ ಚೀಲ ಅಂಟಿಸಿಕೊಂಡ್ರೆ ಗಾಳಿ ಆಡಲ್ಲ, ಬೆವರು ಆರಲ್ಲ, ಸುಮ್ಮನೆ ಚಡ್ಡಿವರೆಗೆ ಹರಿದು ಹೋಗುತ್ತೆ. ನಲ್ಲಿ ಹತ್ತಿರ ವೆಸ್ಟ್ ಬಿಚ್ಚಿದೆ. ಬೆನ್ನಿಗೆ ಗಾಳಿ ತಾಗಿದ ಆ ಕ್ಷಣ ಮೈ ಜುಮ್ ಅಂದಿತು. ಅಷ್ಟು ಹೊತ್ತು ಎಷ್ಟು ಬಿಸಿ ಹೊತ್ತಿದ್ದೆ ಅಂತ ಆಗ ಗೊತ್ತಾಯಿತು. ಕೊಳವೆಯ ಕಥೆಯೂ ಅಷ್ಟೇ, ಬಿಸಿಲಿಗೆ ಅದರೊಳಗಿನ ನೀರು ಕಾದು ಮೊದಲ ಗುಟುಕು ಚಹಾ ಥರ ಇರುತ್ತೆ. ಕುಡಿದಾದ ಮೇಲೆ ಕೊಳವೆಯೊಳಗೆ ಒಂದು ಸಲ ಊದಿ, ನೀರನ್ನ ಬ್ಲ್ಯಾಡರಿಗೆ ವಾಪಸ್ ಕಳಿಸಿದ್ರೆ ಆ ತೊಂದರೆ ಇಲ್ಲ. ಆದರೆ ಊದಿದ ಗಾಳಿ ಒಳಗೆ ಉಳಿದು ಬ್ಲ್ಯಾಡರ್ ಗುಳುಗುಳು ಅನ್ನುತ್ತೆ. ಆಗ ಅದನ್ನ ತಲೆಕೆಳಗು ಮಾಡಿ ಹಿಡಿದು, ಕೊಳವೆಯಿಂದ ಗಾಳಿ ಹೀರಿ ತೆಗೀಬೇಕು. ಒಂದು ಸರಿ ಮಾಡೋಕೆ ಹೋದ್ರೆ ಇನ್ನೊಂದು.

ಅದಕ್ಕಿಂತ ದೊಡ್ಡ ತೊಂದರೆ, ಒಳಗೆ ಎಷ್ಟು ಉಳಿದಿದೆ ಅಂತ ಕಾಣಲ್ಲ. ನಲ್ಲೀಲಿ ಅವಸರದಲ್ಲಿ ತುಂಬಿಸಿದೆ. ಬ್ಲ್ಯಾಡರ್ ಮಡಚಿಕೊಂಡಿತ್ತು, ಅರ್ಧ ತುಂಬಿದ್ದನ್ನ ಪೂರ್ತಿ ತುಂಬಿದೆ ಅಂದುಕೊಂಡೆ. 24ನೇ ಕಿಲೋಮೀಟರ್‌ನಲ್ಲಿ ಹೀರಿದ್ರೆ ಗಾಳಿ.

ಅವತ್ತು ಜೊತೆಗಿದ್ದ ಗೆಳತಿ ನನ್ನ ಹಿಂದೆ ಓಡ್ತಾ ಇದ್ದಳು. ಬಂದವಳೇ, “ಲೋ, ನಿನ್ನ ಬೆನ್ನು ನೋಡಿದ್ಯಾ? ವೆಸ್ಟ್ ಆಕಾರದಲ್ಲೇ ಕೆಂಪಾಗಿದೆ. ಆ ಚೀಲ ತೆಗೆದು ಎಸಿ, ಮುಂದೆ ಜೇಬಿಲ್ವಾ?” ಅಂದಳು.

ಇದೆ. ವೆಸ್ಟಿನ ಎದೆ ಭಾಗದಲ್ಲಿ ಎರಡು ಜೇಬು, ಅರ್ಧ ಲೀಟರ್‌ನ ಎರಡು ಸಾಫ್ಟ್ ಫ್ಲಾಸ್ಕಿಗೆ ಅಂತಲೇ ಮಾಡಿದ್ದು. ಕುಡಿದ ಹಾಗೆಲ್ಲ ಫ್ಲಾಸ್ಕ್ ಕುಗ್ಗುತ್ತೆ, ಹಾಗಾಗಿ ಕುಲುಕಲ್ಲ. ಎಷ್ಟಿದೆ ಅಂತ ಮುಟ್ಟಿದ್ರೇ ಗೊತ್ತಾಗುತ್ತೆ. ಬ್ಲ್ಯಾಡರ್ ತೆಗೆದ್ರೆ ಬೆನ್ನ ಮೇಲೆ ಉಳಿಯೋದು ತೆಳು ಜಾಲರಿ ಬಟ್ಟೆ ಮಾತ್ರ.

ನಾಲ್ಕನೇ ಓಟ ಹೀಗೆ. ಮುಂದೆ ಎರಡು ಫ್ಲಾಸ್ಕ್, ಒಂದು ಲೀಟರ್. ಕೈಯಲ್ಲಿ 600 ಎಂಎಲ್‌ನ ಮೆತ್ತನೆ ಬಾಟಲಿ. ಹೊರಡೋ ಮುಂಚೆ 250 ಎಂಎಲ್ ಕುಡಿದೆ. ಒಟ್ಟು 1,850. ಬೇಕಾಗಿದ್ದಕ್ಕಿಂತ 100 ಹೆಚ್ಚು, ಅದು ತಲೆಗೆ. ಎಲೆಕ್ಟ್ರೋಲೈಟ್ ಪುಡಿ ಹಾಕಿದ್ದು ಫ್ಲಾಸ್ಕಿಗೆ ಮಾತ್ರ. ಕೈಯಲ್ಲಿರೋದು ಬರೀ ನೀರು, ಯಾಕಂದ್ರೆ ಪುಡಿ ಹಾಕಿದ ನೀರು ತಲೆಗೆ ಸುರಿದುಕೊಂಡ್ರೆ ಕಣ್ಣು ಉರಿ, ಮೈಯೆಲ್ಲ ಅಂಟು. ಮೊದಲು ಖಾಲಿ ಮಾಡಿದ್ದು ಕೈಯಲ್ಲಿದ್ದದ್ದನ್ನೇ. ಕಲ್ಲಿನ ಇಳಿಜಾರು ಶುರುವಾಗೋದು 9ನೇ ಕಿಲೋಮೀಟರ್‌ಗೆ, ಅಷ್ಟರಲ್ಲಿ ಅದನ್ನ ಸುರುಳಿ ಸುತ್ತಿ ಹಿಂದಿನ ಜೇಬಿಗೆ ತುರುಕಿದ್ದೆ. ಇಳಿಯುವಾಗ ಕೈ ಎರಡೂ ಖಾಲಿ.

ಫ್ಲಾಸ್ಕಿನದ್ದು ಒಂದೇ ತಕರಾರು. ಒಂದೇ ಕಡೆಯದ್ದನ್ನ ಕುಡೀತಾ ಹೋದ್ರೆ ವೆಸ್ಟ್ ಇನ್ನೊಂದು ಕಡೆ ವಾಲುತ್ತೆ. ಎರಡೂ ಖಾಲಿಯಾಗ್ತಾ ಬಂದ ಹಾಗೆ ಇಡೀ ವೆಸ್ಟೇ ಸಡಿಲ ಆಗಿ ಕುಣಿಯೋಕೆ ಶುರುಮಾಡುತ್ತೆ. ಅದಕ್ಕೆ ಒಮ್ಮೆ ಎಡ, ಒಮ್ಮೆ ಬಲ, ಅರ್ಧ ಗಂಟೆಗೊಮ್ಮೆ ಸ್ಟ್ರಾಪ್ ಎಳೆದು ಬಿಗಿ ಮಾಡ್ಕೋಬೇಕು. ನಲ್ಲೀಲಿ ಮತ್ತೆ ತುಂಬಿದ ಮೇಲೆ ಸಡಿಲ ಬಿಡೋದನ್ನ ಮರೀಬೇಡಿ. ನಾನು ಮರೆತೆ, ಏದುಸಿರು ಬಂದಾಗ ಎದೆ ತುಂಬಾ ಉಸಿರು ತಗೊಳ್ಳೋಕೆ ಆಗ್ತಾ ಇರಲಿಲ್ಲ. ವೆಸ್ಟ್ ಕೊಳ್ಳುವಾಗಲೂ ಫ್ಲಾಸ್ಕ್ ತುಂಬಿಸಿಯೇ ಹಾಕಿ ನೋಡಿ. ಖಾಲಿ ವೆಸ್ಟ್ ಎಲ್ಲರಿಗೂ ಸರಿಯಾಗೇ ಕೂರುತ್ತೆ.

ನಲ್ಲಿ ನಂತರ ಒಂದೂಮುಕ್ಕಾಲು ಗಂಟೆಯೊಳಗಿನ ದಾರಿ, ಬೇಕಾಗೋದು ಹೆಚ್ಚೆಂದ್ರೆ 1,200 ಎಂಎಲ್. ತುಂಬಿಸಿಕೊಂಡಿದ್ದು 1,600. ಉಳಿದ 400 ಪೂರ್ತಿ ತಲೆಗೆ, ಕತ್ತಿಗೆ, ತೋಳಿಗೆ. ಟೋಪಿಯನ್ನ ನಲ್ಲಿಯಲ್ಲೇ ಅದ್ದಿಕೊಂಡಿದ್ದೆ. ಬಿಸಿಲು ಅತಿ ಹೆಚ್ಚಿದ್ದದ್ದೂ ಆಗಲೇ, ಆದ್ರೂ ನಡೆದದ್ದು ಒಂದೇ ಏರಿನಲ್ಲಿ.

ಮನೇಲಿ ತೂಗಿದೆ. ಹೊರಟಾಗ 68, ಬಂದಾಗ 66.4. ಶೇಕಡ ಎರಡಕ್ಕಿಂತ ಸ್ವಲ್ಪ ಜಾಸ್ತಿ ಇಳಿದಿದೆ. ನಾಲ್ಕು ಗಂಟೆ ಬಿಸಿಲಲ್ಲಿ ಓಡಿ ಬಂದವನಿಗೆ ಅದು ನನ್ನ ಲೆಕ್ಕದಲ್ಲಿ ಸರಿಯಾಗೇ ಇದೆ. ತಲೆಸುತ್ತು ಇಲ್ಲ, ಹೊಟ್ಟೆ ಕುಲುಕಿಲ್ಲ.

ಕಾಲರ್ ಮೂಳೆ ಹತ್ತಿರ ಚರ್ಮ ಕಿತ್ತು ಬಂದಿರೋದು ಮಾತ್ರ ಇನ್ನೂ ಬಗೆಹರಿದಿಲ್ಲ. ವ್ಯಾಸಲೀನ್ ಎರಡು ಗಂಟೆ ತಡೀತು, ಆಮೇಲೆ ಬೆವರಿಗೆ ತೊಳೆದು ಹೋಯಿತು. ಮುಂದಿನ ಸಲ ಅಲ್ಲಿಗೆ ಟೇಪ್ ಹಚ್ಚಿ ನೋಡ್ತೀನಿ.