ಕೈಬರಹದ ಲೆಕ್ಕದಲ್ಲಿ ಮೂರು ಘಟನೆಗಳು

ಮಿತ್ರರೇ, ಇಂದಿನ ಉಪನ್ಯಾಸಕ್ಕೆ ಒಂದೇ ಒಂದು ಲೆಕ್ಕ ಸಾಕು. ಹಾಳೆಯ ಮೇಲೆ ಕೈಯಿಂದ ಬರೆದ ಲೆಕ್ಕವದು. A, B, C ಎಂಬ ಮೂರು ಘಟನೆಗಳ ಸಂಭವನೀಯತೆಗಳು ಕ್ರಮವಾಗಿ 0.50, 0.40 ಮತ್ತು 0.30. A ಮತ್ತು B ಎರಡೂ ನಡೆಯುವ ಸಂಭವನೀಯತೆ 0.20, B ಮತ್ತು C ಎರಡೂ ನಡೆಯುವುದು 0.15; A ಮತ್ತು C ಎರಡೂ ನಡೆಯುವುದು 0.10, ಮೂರೂ ಒಟ್ಟಿಗೆ ನಡೆಯುವುದು 0.05. ಇವುಗಳಲ್ಲಿ ಕನಿಷ್ಠ ಒಂದಾದರೂ ನಡೆಯುವ ಸಂಭವನೀಯತೆ ಎಷ್ಟು ಎಂಬುದು ಪ್ರಶ್ನೆ.

ಮೂರು ಸಂಭವನೀಯತೆಗಳನ್ನು ಸುಮ್ಮನೆ ಕೂಡಿಸಿದರೆ 1.20 ಬರುತ್ತದೆ, ಸಂಭವನೀಯತೆ 1ನ್ನು ಮೀರಲಾರದು ಎಂಬುದರಿಂದಲೇ ಕೆಲವು ಭಾಗಗಳು ಒಂದಕ್ಕಿಂತ ಹೆಚ್ಚು ಸಲ ಎಣಿಕೆಯಾಗಿವೆ ಎಂದು ತಿಳಿಯುತ್ತದೆ. ಎರಡು ಘಟನೆಗಳಲ್ಲಿ ಮಾತ್ರ ಸೇರಿದ ಭಾಗ ಎರಡು ಸಲ ಎಣಿಕೆಯಾಗಿದೆ, ಮೂರರಲ್ಲೂ ಸೇರಿದ ಭಾಗ ಮೂರು ಸಲ. ಜೋಡಿಗಳ ಮೊತ್ತವಾದ 0.45ನ್ನು ಕಳೆದಾಗ ಮೊದಲನೆಯ ಬಗೆಯ ಭಾಗಗಳು ಸರಿಹೋಗುತ್ತವೆ. ಆದರೆ ಮೂರರಲ್ಲೂ ಇರುವ ಭಾಗವು ಮೂರು ಜೋಡಿಗಳಲ್ಲೂ ಇರುವುದರಿಂದ ಮೂರು ಸಲ ಕಳೆದುಹೋಗಿ ಲೆಕ್ಕದಿಂದಲೇ ಮಾಯವಾಗುತ್ತದೆ. ಅದನ್ನು ಒಮ್ಮೆ ಮರಳಿ ಕೂಡಿಸಬೇಕು.

P(A∪B∪C) = 1.20 − 0.45 + 0.05 = 0.80

ಇಲ್ಲಿಯವರೆಗೆ ಕಷ್ಟವೇನೂ ಇಲ್ಲ. ಕಷ್ಟವಿರುವುದು ಬರಹವನ್ನು ಓದುವುದರಲ್ಲಿ. ಅವಸರದ ಕೈಯಲ್ಲಿ, ಘಟನೆಗಳು ಒಟ್ಟಿಗೆ ನಡೆಯುವುದನ್ನು ಸೂಚಿಸುವ ಛೇದನದ ∩ ಮತ್ತು ಕನಿಷ್ಠ ಒಂದಾದರೂ ನಡೆಯುವುದನ್ನು ಸೂಚಿಸುವ ಸಂಯೋಗದ ∪ ಎರಡೂ ಒಂದೇ ರೀತಿಯ ಗೀಟಾಗಿಬಿಡುತ್ತವೆ. ಆಗ ಪಕ್ಕದ ಸಂಖ್ಯೆಯನ್ನೇ ಕೇಳಬೇಕು. A ಮತ್ತು Bಗಳ ಛೇದನವು ಎರಡರಲ್ಲಿ ಚಿಕ್ಕದಾದ 0.40ನ್ನು ಮೀರುವಂತಿಲ್ಲ, ಸಂಯೋಗವು ದೊಡ್ಡದಾದ 0.50ಕ್ಕಿಂತ ಕಡಿಮೆಯಾಗುವಂತಿಲ್ಲ. ಆದ್ದರಿಂದ ಚಿಹ್ನೆಯ ಮುಂದೆ 0.20 ಇದ್ದರೆ ಅದು ಛೇದನವೇ, 0.70 ಇದ್ದರೆ ಸಂಯೋಗವೇ.

ಅಂಕಿಯೇ ಮಸಕಾದಾಗ ಇನ್ನಷ್ಟು ಎಚ್ಚರ ಬೇಕು. ಕೊನೆಯ 0.05ನ್ನು ಒಬ್ಬರು 0.15 ಎಂದು ಓದಿದರೆನ್ನಿ. ಸೂತ್ರವು 0.90 ಎಂಬ ಉತ್ತರವನ್ನು ಕೊಡುತ್ತದೆ. ಅದು 1ಕ್ಕಿಂತ ಕಡಿಮೆ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ; ಸೂತ್ರಕ್ಕಂತೂ ಅನುಮಾನ ಪಡುವ ಅಭ್ಯಾಸವೇ ಇಲ್ಲ. ಆದರೆ ಘಟನೆಗಳನ್ನು ಒಂದರ ಮೇಲೊಂದು ಹಾಯುವ ಮೂರು ವೃತ್ತಗಳಾಗಿ ತೋರಿಸುವ ವೆನ್ ಚಿತ್ರವನ್ನು ಬರೆದು ಏಳು ಭಾಗಗಳನ್ನು ತುಂಬಲು ಹೊರಟರೆ, A ಮತ್ತು C ಮಾತ್ರ ಸೇರುವ ಭಾಗಕ್ಕೆ 0.10ರಿಂದ 0.15 ಕಳೆದು −0.05 ಬರುತ್ತದೆ. ಋಣ ಸಂಭವನೀಯತೆ ಇರಲಾರದು, ಆದ್ದರಿಂದ ಓದಿದ್ದು ತಪ್ಪು. ಸರಿಯಾಗಿ ಓದಿದಾಗ A ಮಾತ್ರ 0.25, B ಮಾತ್ರ 0.10, C ಮಾತ್ರ 0.10, ಎರಡೆರಡೇ ಸೇರುವ ಭಾಗಗಳು 0.15, 0.10, 0.05, ನಡುವಿನದು 0.05, ಎಲ್ಲವೂ ಸೇರಿ ಮತ್ತೆ 0.80. ಆ ಕೊನೆಯ ಅಂಕಿ ಪೂರ್ತಿ ಅಳಿಸಿಹೋಗಿದ್ದರೂ ಕೈಚೆಲ್ಲಬೇಕಾಗಿಲ್ಲ: ಯಾವ ಭಾಗವೂ ಋಣವಾಗದಿರಬೇಕಾದರೆ ಅದು 0 ಮತ್ತು 0.10ರ ನಡುವೆಯೇ ಇರಬೇಕು, ಹಾಗಾಗಿ ಉತ್ತರವು 0.75 ಮತ್ತು 0.85ರ ನಡುವೆ ಇರುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ನಯವಾದದ್ದು. 0.50 ಮತ್ತು 0.40ರ ಗುಣಲಬ್ಧ 0.20 ಆಗಿರುವುದನ್ನು ಕಂಡು, ಘಟನೆಗಳೆಲ್ಲ ಸ್ವತಂತ್ರ, ಅಂದರೆ ಒಂದು ನಡೆಯುವುದು ಇನ್ನೊಂದರ ಸಂಭವನೀಯತೆಯನ್ನು ಬದಲಿಸುವುದಿಲ್ಲ ಎಂದು ಭಾವಿಸಿ, ಒಂದೂ ನಡೆಯದಿರುವ ಸಂಭವನೀಯತೆಯನ್ನು 0.50 × 0.60 × 0.70 = 0.21 ಎಂದು ಪಡೆದು, 1ರಿಂದ ಕಳೆದು 0.79 ಎಂದು ಬರೆಯುವವರಿದ್ದಾರೆ. ಸರಿಯುತ್ತರಕ್ಕೆ ಇಷ್ಟು ಹತ್ತಿರವಿರುವ ತಪ್ಪನ್ನು ದಶಮಾಂಶದ ಅಂದಾಜಿನ ವ್ಯತ್ಯಾಸವೆಂದು ಬಿಟ್ಟುಬಿಡುವ ಅಪಾಯವಿದೆ. A ಮತ್ತು B ಸ್ವತಂತ್ರ ಹೌದು. ಆದರೆ A ಮತ್ತು Cಗಳ ಗುಣಲಬ್ಧ 0.15, ಕೊಟ್ಟಿರುವುದು 0.10, B ಮತ್ತು Cಗಳ ಗುಣಲಬ್ಧ 0.12, ಕೊಟ್ಟಿರುವುದು 0.15.

ಏಳು ಭಾಗಗಳ ಪರೀಕ್ಷೆಯೂ ಹಿಡಿಯಲಾರದ ಒಂದು ಸಂದರ್ಭವಿದೆ. ಬರೆದವರು 0.20 ಎಂದದ್ದು ‘A ಮತ್ತು B’ ಎಂಬ ಅರ್ಥದಲ್ಲಲ್ಲ, ‘A ಮತ್ತು B ಮಾತ್ರ, C ಇಲ್ಲ’ ಎಂಬ ಅರ್ಥದಲ್ಲಿ ಇರಬಹುದು. ಉಳಿದ ಎರಡು ಜೋಡಿಗಳಿಗೂ ಹಾಗೆಯೇ ಅರ್ಥ ಮಾಡಿದರೆ ಛೇದನಗಳು 0.25, 0.20, 0.15 ಆಗುತ್ತವೆ, ಉತ್ತರ 1.20 − 0.60 + 0.05, ಅಂದರೆ 0.65. ಆಗ B ಮಾತ್ರ ಮತ್ತು C ಮಾತ್ರ ಎಂಬ ಭಾಗಗಳು ಸೊನ್ನೆಯಾಗುತ್ತವೆ, ಆದರೆ ಯಾವುದೂ ಋಣವಾಗುವುದಿಲ್ಲ. ಎರಡೂ ಓದುಗಳು ಸಂಖ್ಯೆಗಳಿಗೆ ಒಪ್ಪಿಗೆಯಾದ್ದರಿಂದ ಪ್ರಶ್ನೆಯ ವಾಕ್ಯದಲ್ಲಿ ‘ಮಾತ್ರ’ ಎಂಬ ಪದವಿದೆಯೇ ಎಂದು ನೋಡುವುದೊಂದೇ ದಾರಿ. ಅದೂ ಸ್ಪಷ್ಟವಿಲ್ಲದಿದ್ದರೆ, ಯಾವ ಅರ್ಥವನ್ನು ಹಿಡಿದಿದ್ದೇವೆ ಎಂಬುದನ್ನು ಉತ್ತರದ ಮೊದಲ ಸಾಲಿನಲ್ಲೇ ಬರೆದು ಮುಂದುವರಿಯಬೇಕು.