ಮೇಲೊಂದು ಮಹಡಿ ಎತ್ತುವ ಮುಂಚೆ ಕೆಳಗೆ ಅಗೆದು ನೋಡಿ

ನಮಸ್ಕಾರ. ಇರುವ ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಿಸಬೇಕು ಅಂತ ಯೋಚನೆ ಮಾಡುತ್ತಿರುವವರಿಗಾಗಿ ಇವತ್ತಿನ ಮಾತು. ಮಗನ ಮದುವೆ ಆಯಿತು, ಒಂದು ರೂಮು ಬೇಕು, ಅಥವಾ ಬಾಡಿಗೆಗೆ ಕೊಟ್ಟರೆ ನಾಲ್ಕು ಕಾಸು ಬರುತ್ತೆ. ಸೈಟು ಕೊಳ್ಳೋ ಕಾಲ ಅಲ್ಲ, ಇರೋ ಮನೆ ಮೇಲೇ ಕಟ್ಟೋಣ ಅಂತ ಹೊರಡುತ್ತೇವೆ. ತಪ್ಪೇನಿಲ್ಲ. ಮೇಸ್ತ್ರಿ ಬರುತ್ತಾರೆ, ತಾರಸಿ ಹತ್ತುತ್ತಾರೆ, ಅಲ್ಲಿ ನಿಂತಿರುವ ಕಾಲಂ ಕಂಬಿಗಳನ್ನು ನೋಡುತ್ತಾರೆ. "ಕಂಬಿ ಬಿಟ್ಟಿದ್ದಾರಲ್ಲ ಸಾರ್, ಮುಂದಕ್ಕೆ ಕಟ್ಟೋಕೆ ಅಂತಾನೇ ಬಿಟ್ಟಿರೋದು, ಏನೂ ಯೋಚನೆ ಬೇಡ" ಅನ್ನುತ್ತಾರೆ. ಅಲ್ಲಿಗೆ ತೀರ್ಮಾನ ಆಗಿಬಿಡುತ್ತದೆ.

ಆ ಕಂಬಿ ನಿಮಗೆ ಹೇಳುವುದು ಒಂದೇ ಮಾತು. ಕಟ್ಟಿಸಿದವರಿಗೆ ಮುಂದೆ ಕಟ್ಟುವ ಆಸೆ ಇತ್ತು, ಅಷ್ಟೇ. ಕೆಳಗಿನ ಫುಟಿಂಗನ್ನು, ಅಂದರೆ ಮಣ್ಣಿನೊಳಗೆ ಕಾಲಂ ನಿಂತಿರುವ ಕಾಂಕ್ರೀಟ್ ಪಾದವನ್ನು, ಎಷ್ಟು ಮಹಡಿಗೆ ಲೆಕ್ಕ ಹಾಕಿ ಹಾಕಿದರು, ಲೆಕ್ಕ ಹಾಕಿದರೋ ಇಲ್ಲವೋ ಅನ್ನುವುದನ್ನು ಕಂಬಿ ಹೇಳುವುದಿಲ್ಲ. ಅದೂ ಅಲ್ಲದೆ ಇಪ್ಪತ್ತು ವರ್ಷ ಮಳೆ ಬಿಸಿಲಿಗೆ ನಿಂತ ಕಂಬಿಯನ್ನು ಹತ್ತಿರ ಹೋಗಿ ನೋಡಿ. ತಾರಸಿಯಿಂದ ಅದು ಹೊರಗೆ ಬರುವ ಜಾಗದಲ್ಲೇ, ನೀರು ನಿಲ್ಲುವ ಕಡೆಯಲ್ಲೇ, ಪದರ ಪದರವಾಗಿ ತುಕ್ಕು ಎದ್ದಿರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ ವರ್ನಿಯರ್ ಇಟ್ಟರೆ 12 ಎಂಎಂ ಕಂಬಿ ಹತ್ತಕ್ಕೆ ಇಳಿದಿರುವುದೂ ಉಂಟು. ಹೊಸ ಕಂಬಿಯನ್ನು ಅದಕ್ಕೆ ಜೋಡಿಸಿ ಕಟ್ಟಲು ಸುಮಾರು ಎರಡು ಅಡಿ ಒಳ್ಳೆ ಕಂಬಿ ಬೇಕು. ಇರುವುದು ಒಂದಡಿ ಮೊಂಡು ಕಂಬಿ ಆದರೆ ಅದು ಲೆಕ್ಕಕ್ಕೇ ಇಲ್ಲ.

ಹಾಗಾಗಿ ಮೊದಲು ತಾರಸಿ ಬಿಟ್ಟು ಕೆಳಗಿಳಿಯಬೇಕು. ಎಲ್ಲಿಗೆ ಅಂದರೆ, ಮನೆ ಮಧ್ಯದ ಕಾಲಂ ಹತ್ತಿರಕ್ಕೆ. ಮೂಲೆಯ ಕಾಲಂಗೆ ಒಂದೇ ಕಡೆಯ ತಾರಸಿ ಭಾರ, ಅಂಚಿನದಕ್ಕೆ ಎರಡು ಕಡೆಯದು, ನಡುವಿನದಕ್ಕೆ ನಾಲ್ಕೂ ಕಡೆಯದು. ಅದಕ್ಕೇ ನಡುವಿನದೇ ಮೊದಲು ಸೋಲುವುದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಎಲ್ಲಾ ಕಾಲಂಗೂ ಒಂದೇ ಅಳತೆಯ ಫುಟಿಂಗ್ ಹಾಕಿರುತ್ತಾರೆ, ಗುಂಡಿ ತೋಡುವವರಿಗೆ ಸುಲಭ ಅಂತ. ಇನ್ನೊಂದು ವಿಷಯ. ಸೈಟಿನ ಗಡಿಗೆ ಅಂಟಿಕೊಂಡ ಕಾಲಂ ಇದ್ದರೆ ಅದನ್ನೂ ಬಿಡಬೇಡಿ. ಅದರ ಮೇಲೆ ಭಾರ ಕಮ್ಮಿ ಇದ್ದರೂ ಪಕ್ಕದವರ ಜಾಗಕ್ಕೆ ಹೋಗಬಾರದು ಅಂತ ಫುಟಿಂಗ್ ಒಂದೇ ಕಡೆಗೆ ಚಾಚಿರುತ್ತದೆ, ಭಾರ ಅದರ ನಡುವಿಗೆ ಬೀಳುವುದಿಲ್ಲ.

ಈಗ ಲೆಕ್ಕಕ್ಕೆ ಒಂದು ಮನೆ ತಗೊಳ್ಳೋಣ. ಮೈಸೂರು ಕಡೆಯ 30-40 ಸೈಟು, ಕೆಂಪು ಗ್ರಾವೆಲ್ ಮಣ್ಣು. 1998ರಲ್ಲಿ ಕಟ್ಟಿದ್ದು, ಕೆಳಗೊಂದು ಮನೆ, ಮೇಲೊಂದು ಮನೆ. ಈಗ ಮೂರನೆಯದು ಬೇಕು. ಕಾಲಂಗಳು ಹನ್ನೆರಡು ಹನ್ನೆರಡು ಅಡಿ ದೂರದಲ್ಲಿವೆ. ಹಾಗಾದರೆ ನಡುವಿನ ಕಾಲಂ ಪಾಲಿಗೆ ಬರುವುದು 12 ಅಡಿಗೆ 12 ಅಡಿ, ಅಂದರೆ 144 ಚದರ ಅಡಿ ಜಾಗ. ಐದಿಂಚಿನ ತಾರಸಿ, ಅದರ ಮೇಲಿನ ಟೈಲ್ಸ್ ಗಾರೆ, ಓಡಾಡುವ ಜನ, ಮಂಚ ಬೀರು ಎಲ್ಲಾ ಸೇರಿದರೆ ಚದರ ಮೀಟರಿಗೆ 600 ಕೆಜಿ ಆಗುತ್ತದೆ. ನಮ್ಮ 144 ಚದರ ಅಡಿಗೆ ಅದು ಎಂಟು ಟನ್. ಬೀಮು ಮತ್ತು ಕಾಲಮ್ಮಿನ ಸ್ವಂತ ತೂಕ ಹತ್ತಿರ ಹತ್ತಿರ ಎರಡು ಟನ್. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಗಳು ಅಂತ ಇಟ್ಟುಕೊಂಡರೆ ಅದರ ಪಾಲು ಐದು ಟನ್. ಒಟ್ಟು ಒಂದು ಮಹಡಿಗೆ 15 ಟನ್. ಒಂಬತ್ತಿಂಚಿನ ಗೋಡೆ ಆದರೆ ಗೋಡೆಯದ್ದೇ ಹತ್ತು ಟನ್ ಮುಟ್ಟುತ್ತದೆ, ನೆನಪಿರಲಿ.

ಹಾಗಾಗಿ ಇವತ್ತು ಆ ಫುಟಿಂಗ್ ಮೇಲೆ 30 ಟನ್ ಇದೆ. ಮೂರನೇ ಮಹಡಿ ಬಂದರೆ 45.

ಫುಟಿಂಗ್ ಎಷ್ಟು ತಾಳುತ್ತದೆ ಅಂತ ತಿಳಿಯಲು ಅಗೆದೇ ನೋಡಬೇಕು, ಬೇರೆ ದಾರಿ ಇಲ್ಲ. ಹಳೇ ಪ್ಲಾನ್ ಸಿಕ್ಕಿದರೆ ಒಳ್ಳೆಯದು, ಆದರೆ ಪ್ಲಾನಿನಲ್ಲಿ ಐದಡಿ ಅಂತ ಇದ್ದು ನೆಲದಲ್ಲಿ ನಾಲ್ಕಡಿ ಇರಬಹುದು. ಕಾಲಮ್ಮಿನ ಒಂದು ಪಕ್ಕದಲ್ಲಿ ಮೂರಡಿ ಅಗಲದ ಗುಂಡಿ ತೋಡಿಸಿ. ಫುಟಿಂಗಿನ ಅಂಚು ಸಿಗುವವರೆಗೆ, ಆಮೇಲೆ ಅಂಚಿನ ತಳ ಕಾಣುವವರೆಗೆ. ತಳದ ಕೆಳಗಿನ ಮಣ್ಣನ್ನು ಮಾತ್ರ ಯಾವ ಕಾರಣಕ್ಕೂ ಕೆರೆಯಬಾರದು, ಮನೆ ನಿಂತಿರುವುದೇ ಅದರ ಮೇಲೆ. ಮಳೆಗಾಲದಲ್ಲಿ ಈ ಕೆಲಸ ಬೇಡ. ಅಕ್ಕಪಕ್ಕದ ಎರಡು ಕಾಲಂ ಒಟ್ಟಿಗೆ ಅಗೆಯುವುದೂ ಬೇಡ. ಕಾಲಂ ಮುಖದಿಂದ ಫುಟಿಂಗ್ ಅಂಚಿಗೆ ಎಷ್ಟು, ಅಂಚಿನಲ್ಲಿ ದಪ್ಪ ಎಷ್ಟು, ಕಾಲಂ ಬುಡದಲ್ಲಿ ದಪ್ಪ ಎಷ್ಟು ಅಂತ ಅಳೆಯಿರಿ, ಫೋಟೋ ತೆಗೆಯಿರಿ. ಫುಟಿಂಗ್ ತಳದ ಮಟ್ಟದ ಮಣ್ಣನ್ನು ಇಂಜಿನಿಯರ್ ಪರೀಕ್ಷೆಗೆ ಕಳಿಸುತ್ತಾರೆ. ಅಳತೆ ಆದ ಕೂಡಲೇ ಅರ್ಧ ಅರ್ಧ ಅಡಿ ಮಣ್ಣು ತುಂಬಿ ದಿಮ್ಮಸ್ಸು ಹಾಕಿ ಗುಂಡಿ ಮುಚ್ಚಿಸಿ.

ನಮ್ಮ ಮನೆಯ ಗುಂಡಿಯಲ್ಲಿ ನಾಲ್ಕೂವರೆ ಅಡಿ ಚೌಕದ ಫುಟಿಂಗ್ ಸಿಕ್ಕಿತು ಅನ್ನಿ. ಅದು 20 ಚದರ ಅಡಿಗೆ ಸ್ವಲ್ಪ ಜಾಸ್ತಿ, ಚದರ ಮೀಟರಿನಲ್ಲಿ 1.88. ಮಣ್ಣು ಚದರ ಮೀಟರಿಗೆ 20 ಟನ್ ತಾಳುತ್ತದೆ ಅಂತ ಪರೀಕ್ಷೆಯಲ್ಲಿ ಬಂತು. ಗುಣಿಸಿದರೆ 37 ಟನ್ ಚಿಲ್ಲರೆ. ಫುಟಿಂಗಿನ ತೂಕ ಮತ್ತು ಅದರ ಮೇಲಿನ ಮಣ್ಣಿನ ತೂಕ ಅಂತ ಒಂದು ಪಾಲು ಬಿಟ್ಟರೆ ಮನೆಯ ಭಾರಕ್ಕೆ ಉಳಿಯುವುದು 34 ಟನ್. ಈಗಿನ 30ಕ್ಕೆ ಸಾಕು. 45ಕ್ಕೆ ಸಾಲದು. 45 ಹೊರಬೇಕಾದರೆ ಐದೂಕಾಲು ಅಡಿ ಚೌಕ ಬೇಕು. ಇದೇ ಮನೆ ಹುಬ್ಬಳ್ಳಿ, ಗದಗ, ರಾಯಚೂರಿನ ಎರೆಮಣ್ಣಿನಲ್ಲಿ ಇದ್ದು ಅಲ್ಲಿ ಮಣ್ಣಿನ ತಾಳಿಕೆ ಎಂಟು ಟನ್ ಅಂತ ಬಂದರೆ ಇದೇ ಫುಟಿಂಗು 14 ಟನ್ನೂ ಹೊರುವುದಿಲ್ಲ. ಹಾಗಾಗಿ ಬೆಂಗಳೂರಿನ ನೆಂಟರ ಮನೆಗೆ ಹಾಕಿದ ಅಳತೆ ನೋಡಿ ನಿಮ್ಮ ಊರಿನ ಮನೆಗೆ ಧೈರ್ಯ ತಂದುಕೊಳ್ಳಬೇಡಿ. ಬೆಂಗಳೂರಿನಲ್ಲೇ ಕೆರೆ ಮುಚ್ಚಿ ಮಾಡಿದ ಬಡಾವಣೆ ಬೇರೆ, ಗಟ್ಟಿ ಗ್ರಾವೆಲ್ ಇರುವ ಬಡಾವಣೆ ಬೇರೆ.

ಇನ್ನು ಕಾಲಂ. ನೆಲಮಹಡಿಯ ಗೋಡೆಗಳು ನೆಲದ ಮಟ್ಟದಲ್ಲಿರುವ ಪ್ಲಿಂತ್ ಬೀಮ್ ಮೇಲೆ ಕೂತು ನೇರ ಬುಡಕ್ಕೆ ಹೋಗುತ್ತವೆ. ಅದಕ್ಕೇ ನೆಲಮಹಡಿಯ ಕಾಲಂ ಹೊರುವುದು ಈಗ 25 ಟನ್, ಮೂರನೆಯದು ಬಂದಮೇಲೆ 40. ಕಾಲಂ 9 ಇಂಚಿಗೆ 12 ಇಂಚು, ಒಳಗೆ 12 ಎಂಎಂ ಕಂಬಿ ಆರು ಅಂತ ಇಟ್ಟುಕೊಳ್ಳಿ. ಕಾಂಕ್ರೀಟಿನ ಬಲ ಎಂ 20 ದರ್ಜೆಯದ್ದು ಇದ್ದರೆ, ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಸೂತ್ರದಲ್ಲಿ ಅದು 49 ಟನ್ ಹೊರುತ್ತದೆ. ಪಾಸಾಯಿತು ಅನ್ನಿಸುತ್ತದೆ, ಅಲ್ವಾ? ಆದರೆ 1998ರಲ್ಲಿ ಕೈಯಲ್ಲಿ ಕಲಸಿ, ಸಲೀಸಾಗಿ ಇಳಿಯಲಿ ಅಂತ ನೀರು ಜಾಸ್ತಿ ಹಾಕಿ ಸುರಿದ ಕಾಂಕ್ರೀಟು ಎಂ 20 ಅಂತ ಯಾರು ಹೇಳಿದರು? ಕೋರ್, ಅಂದರೆ ಉರುಳೆಯಾಕಾರದ ತುಂಡು, ಕೊರೆದು ತೆಗೆದು ಒಡೆದು ನೋಡಿದಾಗ 20ರ ಬದಲು 14 ಬಂತು ಅನ್ನಿ. ಆಗ ಅದೇ ಕಾಲಂ ಹೊರುವುದು 38 ಟನ್. ಬೇಕಾಗಿದ್ದು 40. ಇದೂ ಭಾರ ನೆಟ್ಟಗೆ ನಡುವಿಗೇ ಬೀಳುತ್ತದೆ ಅಂತ ಹಿಡಿದ ಲೆಕ್ಕ. ಒಂಬತ್ತಿಂಚಿನ ಕಾಲಂ ಸ್ವಲ್ಪ ವಾಲಿದ್ದರೂ, ಬೀಮು ಒಂದು ಕಡೆಗೆ ಎಳೆದರೂ, ಭೂಕಂಪದ ಲೆಕ್ಕ ಸೇರಿಸಿದರೂ ಈ ಅಂಕಿ ಇನ್ನೂ ಇಳಿಯುತ್ತದೆ.

ಕಾಂಕ್ರೀಟನ್ನು ಪರೀಕ್ಷೆ ಮಾಡಲು ಬರುವವರು ಸಾಮಾನ್ಯವಾಗಿ ಒಂದು ರಿಬೌಂಡ್ ಹ್ಯಾಮರ್ ತಂದು ನಾಲ್ಕು ಕಡೆ ಟಕ್ ಟಕ್ ಒತ್ತಿ ಒಳ್ಳೆ ಅಂಕಿ ಬಂದಿದೆ ಅನ್ನುತ್ತಾರೆ. ಅಷ್ಟಕ್ಕೇ ಒಪ್ಪಬೇಡಿ. ಅದು ಅಳೆಯುವುದು ಮೇಲ್ಮೈಯ ಗಡಸುತನ. ಹಳೇ ಕಾಂಕ್ರೀಟಿನ ಹೊರಪದರ ಗಾಳಿಗೆ ಗಡುಸಾಗಿ ಅಂಕಿಯನ್ನು ಇದ್ದದ್ದಕ್ಕಿಂತ ಮೇಲೆ ತೋರಿಸುತ್ತದೆ. ಎಲ್ಲಿ ದುರ್ಬಲ ಅಂತ ಹುಡುಕಲು ಅದು ಒಳ್ಳೆಯದು, ಆಮೇಲೆ ಕೆಲವು ಕಡೆ ಕೋರ್ ತೆಗೆಯಲೇಬೇಕು. ಕಂಬಿ ಹುಡುಕುವ ಯಂತ್ರ ಆಡಿಸಿ, ಕಂಬಿ ಕತ್ತರಿಸದ ಹಾಗೆ ತೆಗೆದು, ತೂತನ್ನು ಕುಗ್ಗದ ಗ್ರೌಟ್‌ನಿಂದ ತುಂಬಬೇಕು.

ಆಗಲೇ ಇನ್ನೊಂದು ಸಣ್ಣ ಕೆಲಸ ಮಾಡಿಸಿ. ಪ್ಲಾಸ್ಟರ್ ಕಿತ್ತು, ಕಾಲಂ ಮೂಲೆಯಲ್ಲಿ ಕಂಬಿ ಕಾಣುವಷ್ಟು ಕಾಂಕ್ರೀಟ್ ಒಡೆದು, ಧೂಳು ಊದಿ, ಹೊಸದಾಗಿ ಒಡೆದ ಮುಖದ ಮೇಲೆ ಫಿನಾಲ್ಫ್ತಲೀನ್ ಅನ್ನುವ ದ್ರಾವಣ ಸಿಂಪಡಿಸುತ್ತಾರೆ. ಒಳ್ಳೆ ಕಾಂಕ್ರೀಟು ಕೂಡಲೇ ಕಡು ಗುಲಾಬಿ ಆಗುತ್ತದೆ. ಹೊರಗಿನ ಒಂದು ಪಟ್ಟಿ ಮಾತ್ರ ಬೂದು ಬಣ್ಣದಲ್ಲೇ ಉಳಿಯುತ್ತದೆ. ಆ ಬೂದು ಪಟ್ಟಿ ಕಂಬಿಯ ತನಕ ಹೋಗಿದ್ದರೆ, ಕಂಬಿಗೆ ಇದ್ದ ಕಾವಲು ಹೋಗಿದೆ, ತೇವ ಸಿಕ್ಕಿದರೆ ತುಕ್ಕು ಹಿಡಿಯುತ್ತದೆ ಅಂತ ಅರ್ಥ. ರಿಂಗುಗಳು ಎಷ್ಟು ಇಂಚಿಗೊಂದು ಇವೆ ಅಂತಲೂ ಆಗ ಕಣ್ಣಿಗೆ ಕಾಣುತ್ತದೆ.

ಕಾಲಮ್ಮೇ ಇಲ್ಲದ, ಸೈಜುಗಲ್ಲಿನ ಪಾಯದ ಮೇಲೆ ಗೋಡೆಯೇ ಭಾರ ಹೊತ್ತ ಮನೆಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಪಾಯದ ಅಗಲ, ಗೋಡೆಯ ಇಟ್ಟಿಗೆ ನೋಡಬೇಕು. ಮೇಲೆ ಹೊಸದಾಗಿ ಕಾಲಂ ನಿಲ್ಲಿಸಿ ಭಾರವನ್ನೆಲ್ಲ ಒಂದೊಂದು ಬಿಂದುವಿಗೆ ಹಾಕುವುದಂತೂ ಬೇಡವೇ ಬೇಡ.

ಪರೀಕ್ಷೆ ಮಾಡಿಸದೆ ಕಟ್ಟಿದರೆ ಮರುದಿನವೇ ಮನೆ ಬೀಳುತ್ತದೆ ಅಂತಲ್ಲ. ನಡುವಿನ ಫುಟಿಂಗ್ ಅಕ್ಕಪಕ್ಕದವಕ್ಕಿಂತ ಜಾಸ್ತಿ ಕುಸಿಯುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಬಾಗಿಲು ಉಜ್ಜತೊಡಗುತ್ತದೆ. ಪೇಂಟ್ ಮಾಡಿ ಮುಚ್ಚಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಕು ಬರೆಯಿರಿ. ಗುರುತು ದಾಟಿ ಬೆಳೆದರೆ ಮನೆ ಇನ್ನೂ ಕೂರುತ್ತಿದೆ. ಕಾಲಮ್ಮಿನಲ್ಲೇ ಉದ್ದುದ್ದ ಬಿರುಕು ಬಂದು ಚಕ್ಕೆ ಏಳುತ್ತಿದ್ದರೆ ಕಾಯಬೇಡಿ. ಅವತ್ತೇ ಕೆಲಸ ನಿಲ್ಲಿಸಿ, ಮನೆ ಖಾಲಿ ಮಾಡಿ, ಇಂಜಿನಿಯರನ್ನು ಕರೆಸಿ.

ಸರಿ, ನಮ್ಮ ಮೈಸೂರಿನ ಮನೆಗೆ ಏನು ದಾರಿ? ಒಂದು, ಬಲಪಡಿಸುವುದು. ಹಳೇ ಫುಟಿಂಗಿನ ಮೈಯನ್ನು ಉಳಿ ಹೊಡೆದು ಒರಟು ಮಾಡಿ, ತೂತು ಕೊರೆದು ಅಂಟಿನಿಂದ ಕಂಬಿ ಕೂರಿಸಿ, ಸುತ್ತಲೂ ಹೊಸ ಕಾಂಕ್ರೀಟ್ ಕಟ್ಟಿ ಅಗಲ ಮಾಡಬೇಕು, ದಪ್ಪವನ್ನೂ ಏರಿಸಬೇಕು. ಸುಮ್ನೆ ಪಕ್ಕದಲ್ಲಿ ಕಾಂಕ್ರೀಟ್ ಸುರಿದರೆ ಅದು ಬೇರೆ ಕಲ್ಲಿನ ಹಾಗೆ ಬಿದ್ದಿರುತ್ತದೆ, ಭಾರ ತಗೊಳ್ಳುವುದಿಲ್ಲ. ಕಾಲಂಗೆ ನಾಲ್ಕೂ ಕಡೆ ನಾಲ್ಕಿಂಚು ಜಾಕೆಟ್, ಅದೂ ಫುಟಿಂಗಿನಿಂದಲೇ ಶುರುವಾಗಬೇಕು. ನಿಮ್ಮ 9-12ರ ಕಾಲಂ 17-20 ಆಗುತ್ತದೆ, ಹಾಲಿನ ನಡುವೆ ಅಷ್ಟು ದಪ್ಪದ ಕಂಬ ಬರುತ್ತದೆ. ಖರ್ಚೂ ಸಣ್ಣದಲ್ಲ.

ಎರಡನೆಯದು, ನನಗೆ ಹೆಚ್ಚು ಇಷ್ಟವಾದದ್ದು, ಹಗುರವಾಗಿ ಕಟ್ಟುವುದು. ಎಎಸಿ ಅನ್ನುವ ಹಗುರ ಬ್ಲಾಕಿನ ಗೋಡೆ ಹಾಕಿದರೆ ಗೋಡೆಯ ಐದು ಟನ್ ಎರಡಕ್ಕೆ ಇಳಿಯುತ್ತದೆ. ಕಾಂಕ್ರೀಟ್ ತಾರಸಿಯ ಬದಲು ಸ್ಟೀಲ್ ಫ್ರೇಮ್ ಮೇಲೆ ಇನ್ಸುಲೇಶನ್ ಇರುವ ಶೀಟು ಹಾಕಿದರೆ ತಾರಸಿ, ಬೀಮು, ಕಾಲಮ್ಮಿನ ಹತ್ತು ಟನ್ ಒಂದಕ್ಕೆ ಬರುತ್ತದೆ. ಒಟ್ಟು 15ರ ಜಾಗದಲ್ಲಿ ಮೂರು ಟನ್. ಫುಟಿಂಗಿಗೆ 33 ಆಯಿತು, ತಾಳಿಕೆ 34. ಕಾಲಂಗೆ 28 ಆಯಿತು, ತಾಳಿಕೆ 38. ಆದರೆ ಫುಟಿಂಗಿಗೆ ಉಳಿದದ್ದು ಒಂದೇ ಟನ್, ನೋಡಿ. ಸಾವಿರ ಲೀಟರಿನ ನೀರಿನ ಟ್ಯಾಂಕ್ ತುಂಬಿದರೆ ಅದೇ ಒಂದು ಟನ್. ಟ್ಯಾಂಕನ್ನು ನಡುವಿನ ಕಾಲಂ ಮೇಲೆ ಇಡದೆ ತಾಳಿಕೆ ಉಳಿದಿರುವ ಬೇರೆ ಕಾಲಂಗಳ ಕಡೆಗೆ ಸರಿಸಬೇಕು. ಶೀಟನ್ನು ಗಾಳಿ ಎತ್ತದ ಹಾಗೆ ಫ್ರೇಮಿಗೂ, ಫ್ರೇಮನ್ನು ಕೆಳಗಿನ ಕಾಲಂ ತಲೆಗೂ ಬೋಲ್ಟ್ ಹಾಕಿ ಬಿಗಿಯಬೇಕು. ಮುಂದೆ ಯಾರಾದರೂ ಶೀಟ್ ತೆಗೆದು ತಾರಸಿ ಹಾಕೋಣ ಅಂದರೆ ಈ ಲೆಕ್ಕ ಅವರ ಕೈಗೆ ಸಿಗಬೇಕು. ಅದಕ್ಕೆ ಗುಂಡಿಯ ಅಳತೆ, ಫೋಟೋ, ಮಣ್ಣಿನ ವರದಿ, ಕೋರ್ ವರದಿ ಎಲ್ಲವನ್ನೂ ಮನೆ ಪತ್ರದ ಜೊತೆಗೇ ಇಡಿ. ನಮಸ್ಕಾರ.