ಕೆಲಸಕ್ಕೆ ಸೇರಿಲ್ಲ, ಆದರೆ ಕೆಲಸ ಮಾಡಿದ್ದೀರಿ

ನಮಸ್ಕಾರ. ಮೈಸೂರಿನ ಒಂದು ಸಣ್ಣ ಲೆಕ್ಕಪತ್ರದ ಆಫೀಸಿನಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಹೊಸಬರ ಅರ್ಜಿಗಳು ಮೊದಲು ನನ್ನ ಮೇಜಿಗೇ ಬರುತ್ತಿದ್ದವು. ಹಾಗಾಗಿ ಕಳೆದ ತಿಂಗಳು ಮಂಡ್ಯದಿಂದ ನನ್ನ ತಮ್ಮನ ಮಗಳು ಬಂದು, "ಅತ್ತೆ, ನನ್ನ ಬಗ್ಗೆ ನಾಲ್ಕು ಸಾಲು ಬರೆದಿದ್ದೀನಿ, ನೋಡಿ" ಅಂದಾಗ ಕನ್ನಡಕ ಹಾಕಿಕೊಂಡು ಕುಳಿತೆ.

ಬಿ.ಕಾಂ. ಈಗಷ್ಟೇ ಮುಗಿಸಿದ್ದಾಳೆ. ಅವಳು ಬರೆದದ್ದು ಇಷ್ಟು: "ಕಷ್ಟಪಟ್ಟು ದುಡಿಯುವ, ಬೇಗ ಕಲಿಯುವ ಪದವೀಧರೆ. ಎಲ್ಲರೊಂದಿಗೆ ಹೊಂದಿಕೊಳ್ಳುತ್ತೇನೆ. ಸಮಾಜ ಸೇವೆಯಲ್ಲಿ ಆಸಕ್ತಿ ಇದೆ. ಹೆಸರಾಂತ ಸಂಸ್ಥೆಯಲ್ಲಿ ಸವಾಲಿನ ಕೆಲಸ ಬಯಸುತ್ತೇನೆ."

ಈ ನಾಲ್ಕು ಸಾಲನ್ನು ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಹೆಸರು ಮಾತ್ರ ಬೇರೆ ಬೇರೆ. ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: "ನಿನ್ನ ಪಕ್ಕದ ಬೆಂಚಿನವಳು ಇದನ್ನೇ ಬರೆದುಕೊಂಡರೆ ಯಾರಿಗಾದರೂ ಗೊತ್ತಾಗುತ್ತಾ?" ನಕ್ಕಳು. "ಇನ್ನೇನು ಬರೆಯಲಿ ಅತ್ತೆ, ನಾನು ಎಲ್ಲೂ ಕೆಲಸ ಮಾಡಿಲ್ವಲ್ಲ" ಅಂದಳು.

ಕೆಲಸಕ್ಕೆ ಸೇರಿಲ್ಲ, ಸರಿ. ಕೆಲಸ ಮಾಡಿಲ್ಲ ಅನ್ನುವುದು ಸುಳ್ಳು. ಒಂದು ಹಾಳೆ ಕೊಟ್ಟು, ಪ್ರಾಜೆಕ್ಟ್, ಇಂಟರ್ನ್‌ಶಿಪ್, ಎನ್ನೆಸ್ಸೆಸ್ ಅಂತ ಮೂರು ತಲೆಬರಹ ಬರೆಸಿದೆ. ಪ್ರತಿಯೊಂದರ ಕೆಳಗೆ, ನೀನು ನಿನ್ನ ಕೈಯಾರೆ ಏನು ಮಾಡಿದೆ ಅನ್ನುವುದನ್ನು ಮಾತ್ರ ಬರಿ ಅಂದೆ. ಏನು ಕಲಿತೆ ಅನ್ನುವುದು ಬೇಡ.

ಇಂಟರ್ನ್‌ಶಿಪ್ ಕೆಳಗೆ "ಬರೀ ಬಿಲ್ ಎಂಟ್ರಿ" ಅಂತ ಬರೆದಳು. ಆ "ಬರೀ" ಅನ್ನುವುದನ್ನು ಹೊಡೆದುಹಾಕಿ, ಒಂದು ದಿನದ ಕೆಲಸವನ್ನು ಬೆಳಗ್ಗೆಯಿಂದ ಸಂಜೆವರೆಗೆ ಹೇಳು ಅಂದೆ. ಇಲ್ಲೇ ಮೈಸೂರಿನಲ್ಲಿ ಒಬ್ಬ ಆಡಿಟರ್ ಆಫೀಸಿನಲ್ಲಿದ್ದಳು. ಎರಡು ಅಂಗಡಿಗಳ ಖರೀದಿ ಬಿಲ್ಲುಗಳನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಏರಿಸುವುದು. ಆಮೇಲೆ ಅದನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸರಕು ಮಾರಿದವರು ತಮ್ಮ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್‌ಗೆ ಹಾಕಿದ ಮೇಲೆ, ಕೊಂಡವರಿಗೆ ಮುಂದಿನ ತಿಂಗಳ 14ರ ಹೊತ್ತಿಗೆ ಸಿಗುವ ಪಟ್ಟಿ ಇದು. ನಮ್ಮ ಬಿಲ್ಲು ಅದರಲ್ಲಿ ಇಲ್ಲ ಅಂದರೆ, ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವುದಕ್ಕೆ ತೊಡಕು. ಮಾರಿದವರು ರಿಟರ್ನ್ ಹಾಕಿಲ್ಲವೋ, ಬಿಲ್ ನಂಬರ್ ತಪ್ಪು ಹೊಡೆದಿದ್ದಾರೋ ಅಂತ ಹುಡುಕಬೇಕು. ಇವಳು ಆ ಪಟ್ಟಿ ಮಾಡಿ, ಯಾರಿಗೆ ಫೋನ್ ಮಾಡಬೇಕು ಅಂತ ಗುರುತು ಹಾಕಿ ಕೊಡುತ್ತಿದ್ದಳಂತೆ. ಇದನ್ನು ಬಿಟ್ಟು "ಬೇಗ ಕಲಿಯುತ್ತೇನೆ" ಅಂತ ಬರೆದಿದ್ದಳಲ್ಲ!

ಈಗ ಉತ್ಸಾಹ ಬಂತು. ಕ್ಯಾಲ್ಕ್ಯುಲೇಟರ್ ತೆಗೆದು ದಿನಕ್ಕೆ 40 ಬಿಲ್ಲು, ಆರು ವಾರಕ್ಕೆ 36 ದಿನ, ಒಟ್ಟು 1440 ಬಿಲ್ಲು ಅಂತ ಬರೆದೇಬಿಟ್ಟಳು. ಮೊದಲ ವಾರವೂ 40 ಮಾಡಿದ್ಯಾ? ಇಲ್ಲ, ಆ ವಾರ ಪೂರ್ತಿ ಫೈಲ್ ಜೋಡಿಸಿದ್ದೇ ಆಯ್ತು. ಆಮೇಲೆ ದಿನಾ 40 ಆಗುತ್ತಿತ್ತಾ? ಕೆಲವು ದಿನ 30. ಮತ್ತೆ ಆ 1440 ಎಲ್ಲಿಂದ ಬಂತು? ಇಂಥ ದೊಡ್ಡ ಮೊತ್ತ ಕಂಡರೆ ಸಂದರ್ಶನ ಮಾಡುವವರು ಮೊದಲು ಅದನ್ನೇ ಕೆದಕುತ್ತಾರೆ. "ದಿನಕ್ಕೆ 30ರಿಂದ 40 ಬಿಲ್ಲು" ಅಂತ ಬರೆದರೆ ಸಾಕು. ಅಂಗಡಿಗಳ ಹೆಸರನ್ನೂ ಬಿಡಿಸಿದೆ. ಅವರ ಲೆಕ್ಕ ಅವರ ಗುಟ್ಟು. ಅದನ್ನು ಊರಿಗೆ ಹೇಳುವವರನ್ನು ಯಾವ ಆಡಿಟರ್ ತಾನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ಪ್ರಾಜೆಕ್ಟ್ ಇನ್ನೂ ಚೆನ್ನಾಗಿತ್ತು. ನಾಲ್ವರು ಸೇರಿ ಆಲೆಮನೆಗಳ ಖರ್ಚಿನ ಮೇಲೆ ಮಾಡಿದ್ದರು. ಇವಳು ಬರೆದದ್ದು "ಒಂಬತ್ತು ಆಲೆಮನೆಗಳ ಅಧ್ಯಯನ ಮಾಡಿದೆ" ಅಂತ. ನೀನೊಬ್ಬಳೇ ಒಂಬತ್ತಕ್ಕೂ ಹೋಗಿದ್ಯಾ ಅಂದರೆ, ಇಲ್ಲ, ಮೂರಕ್ಕೆ. ಹಾಗಾದರೆ ಮೂರು ಅಂತಲೇ ಬರಿ. ನಾಲ್ಕು ಜನದ ಕೆಲಸವನ್ನು ನಾಲ್ವರೂ ಪೂರ್ತಿ ತಮ್ಮದು ಅಂತ ಬರೆದುಕೊಳ್ಳುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಒಂದೇ ಕಾಲೇಜಿನ ಇಬ್ಬರು ಒಂದೇ ಆಫೀಸಿಗೆ ಅರ್ಜಿ ಹಾಕಿದ ದಿನ ಅದು ಬಯಲಾಗುತ್ತದೆ.

ಮೂರರಲ್ಲಿ ಏನು ಕಂಡೆ ಅಂತ ಕೇಳಿದೆ. ಕಬ್ಬಿನ ದುಡ್ಡೇ ದೊಡ್ಡ ಖರ್ಚು, ಒಲೆಗೆ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಹಾಕುವುದರಿಂದ ಸೌದೆ ಖರ್ಚು ಅಷ್ಟಾಗಿ ಇಲ್ಲ ಅಂದಳು. ಇದು ಮಂಡ್ಯದವರಿಗೆ ಗೊತ್ತಿರುವುದೇ. ಆಮೇಲೆ ಸುಮ್ನೆ ಮಾತಿಗೆ ಅನ್ನುವ ಹಾಗೆ, "ಮೂರು ಆಲೆಮನೆಯವರೂ ತಮ್ಮ ಮನೆಯವರ ಕೂಲಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ ಅತ್ತೆ. ಅಪ್ಪ, ಮಗ, ಸೊಸೆ ಎಲ್ಲಾ ಕೊಪ್ಪರಿಗೆ ಮುಂದೆ ದುಡೀತಾರೆ. ಅದನ್ನು ಸೇರಿಸಿ ಬೇರೆ ಕಾಲಂ ಮಾಡಿದ್ದು ನಾನು. ಒಬ್ಬರಿಗೆ ಲಾಭ ಅಂತ ಇದ್ದದ್ದು ನಷ್ಟಕ್ಕೆ ತಿರುಗಿತು" ಅಂದಳು. ಅದನ್ನೇ ಬರಿ ಅಂದೆ.

ಎನ್ನೆಸ್ಸೆಸ್ ವಿಷಯ ಬೇಗ ಮುಗಿಯಿತು. ಏಳು ದಿನದ ವಿಶೇಷ ಶಿಬಿರದಲ್ಲಿ 50 ಜನರ ಅಡುಗೆಯ ದಿನಸಿ, ತರಕಾರಿ ದುಡ್ಡು ಇವಳ ಕೈಯಲ್ಲಿತ್ತು. ರಾತ್ರಿ ಚೀಟಿಗಳ ಜೊತೆ ನಗದು ತಾಳೆ ನೋಡುತ್ತಿದ್ದಳು. ಆ ಒಂದು ವಾಕ್ಯ ಬಂದ ಮೇಲೆ "ಸಮಾಜ ಸೇವೆಯಲ್ಲಿ ಆಸಕ್ತಿ" ತಾನಾಗಿಯೇ ಬಿದ್ದುಹೋಯಿತು.

ಮೂರನ್ನೂ ಪಕ್ಕಪಕ್ಕ ಇಟ್ಟಾಗ ಅವಳೇ ಕಂಡುಹಿಡಿದಳು: "ಎಲ್ಲಾ ಕಡೆ ನಾನು ಚೀಟಿ ಹಿಡಿದುಕೊಂಡು ತಾಳೆ ನೋಡ್ತಾ ಇದ್ದೀನಲ್ಲ ಅತ್ತೆ!" ಎಳೆ ಸಿಕ್ಕಿತು. ಕೊನೆಗೆ ಬಂದ ಬರಹ ಕೇಳಿ:

"ಈ ವರ್ಷ ಮಂಡ್ಯದಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಸಣ್ಣ ವ್ಯಾಪಾರಗಳ ಲೆಕ್ಕ ಬರೆದು ತಾಳೆ ನೋಡುವ ಕೆಲಸ ಹುಡುಕುತ್ತಿದ್ದೇನೆ. ಮೈಸೂರಿನ ಆಡಿಟರ್ ಕಚೇರಿಯಲ್ಲಿ ಆರು ವಾರ ಇಂಟರ್ನ್ ಆಗಿದ್ದಾಗ ದಿನಕ್ಕೆ 30ರಿಂದ 40 ಖರೀದಿ ಬಿಲ್ಲುಗಳನ್ನು ಟ್ಯಾಲಿಗೆ ಏರಿಸಿದೆ. ಎರಡು ತಿಂಗಳ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ಹೋಲಿಸಿ, ಹೊಂದದವನ್ನು ಪಟ್ಟಿ ಮಾಡಿದೆ. ನಾಲ್ವರ ಪ್ರಾಜೆಕ್ಟ್‌ನಲ್ಲಿ ಮೂರು ಆಲೆಮನೆಗಳ ಖರ್ಚು ನಾನು ಬರೆದುಕೊಂಡೆ. ಮನೆಯವರ ಕೂಲಿಯನ್ನೂ ಸೇರಿಸಿದಾಗ ಒಂದರ ಲಾಭ ನಷ್ಟವಾಯಿತು. ಎನ್ನೆಸ್ಸೆಸ್‌ನ ಏಳು ದಿನದ ಶಿಬಿರದಲ್ಲಿ 50 ಜನರ ಊಟದ ಲೆಕ್ಕ ನೋಡಿಕೊಂಡೆ."

ಇಷ್ಟೇ. ಇದು ಆಡಿಟರ್ ಆಫೀಸಿಗೆ. ರೈತರ ನಡುವೆ ಓಡಾಡುವ ಸಾಲದ ಸಂಸ್ಥೆಗೆ ಅರ್ಜಿ ಹಾಕುವುದಾದರೆ ಆಲೆಮನೆ ಸಾಲು ಮೇಲೆ ಬರಬೇಕು, ಜಿಎಸ್‌ಟಿ ಕೆಳಗಿಳಿಯಬೇಕು. ಮೊದಲ ಎರಡು ವಾಕ್ಯದಲ್ಲೇ ಹಿಡಿಯಲಿಲ್ಲ ಅಂದರೆ ಓದುವವರು ಮೂರನೆಯದಕ್ಕೆ ಬರುವುದು ಕಡಿಮೆ. ಕಳಿಸುವಾಗ ಇಂಗ್ಲಿಷಿಗೆ ತಿರುಗಿಸಿಕೊಂಡಳು. ಮೊದಲು ಕನ್ನಡದಲ್ಲಿ ಬರೆಸಿದ್ದಕ್ಕೆ ಕಾರಣವಿತ್ತು. ಇಂಗ್ಲಿಷಿನಲ್ಲಿ ಕೂತಿದ್ದರೆ ಆ ರೆಡಿಮೇಡ್ ಸಾಲುಗಳೇ ಬೆರಳಿಗೆ ಬರುತ್ತಿದ್ದವು.

ಒಂದು ಕೆಲಸ ಬಾಕಿ ಇತ್ತು. ಪ್ರತಿ ವಾಕ್ಯಕ್ಕೂ ನಾನು ಎರಡೆರಡು ಅಡ್ಡ ಪ್ರಶ್ನೆ ಹಾಕಿದೆ. ಉತ್ತರ ಬಾರದ ವಾಕ್ಯ ಉಳಿಯಬಾರದು ಅಂತ ಒಪ್ಪಂದ. ಮನೆಯವರ ಕೂಲಿಗೆ ಯಾವ ದರ ಹಿಡಿದೆ ಅಂದರೆ, ಅಲ್ಲಿ ಹೊರಗಿನ ಆಳಿಗೆ ಕೊಡುತ್ತಿದ್ದ ದರವನ್ನೇ ಅಂದಳು, ತಡವರಿಸದೆ. ಆರು ವಾರಕ್ಕೆ ಪುರಾವೆ ಏನು ಅಂದಾಗ ಮಾತ್ರ ಸರ್ಟಿಫಿಕೇಟ್ ಹುಡುಕಿದಳು. ಅದರಲ್ಲಿದ್ದದ್ದು ಐದು ವಾರ. ಫೈಲ್ ಜೋಡಿಸಿದ ಮೊದಲ ವಾರ ಸರ್ಟಿಫಿಕೇಟಿಗೆ ಸೇರಿರಲಿಲ್ಲ. ಸ್ವಲ್ಪ ಬೇಜಾರು ಮಾಡಿಕೊಂಡು ಆರನ್ನು ಐದು ಮಾಡಿದಳು. ನಮಸ್ಕಾರ.